ಬಬಲ್ ಚಾರ್ಟ್‌ನಲ್ಲಿ ಗುಳ್ಳೆಯ ಗಾತ್ರ: ತ್ರಿಜ್ಯ ಹಿಡಿಯಬೇಕಾ, ವಿಸ್ತೀರ್ಣ ಹಿಡಿಯಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಸಂಖ್ಯೆ ಎರಡು ಪಟ್ಟಾದರೆ ಗುಳ್ಳೆಯ ಅಗಲವನ್ನೂ ಎರಡು ಪಟ್ಟು ಮಾಡಿದರೆ ಆಯ್ತಲ್ಲ, ಅದರಲ್ಲಿ ತಪ್ಪೇನು?

ದೋಸೆ ಹುಯ್ಯುವವರನ್ನು ಕೇಳಿ, ಅವರಿಗೆ ಇದು ಗೊತ್ತು. ಅರ್ಧ ಅಡಿ ಅಗಲದ ದೋಸೆಗೆ ಒಂದು ಸೌಟು ಹಿಟ್ಟು ಬೇಕು ಅಂದುಕೊಳ್ಳಿ. ಅಷ್ಟೇ ದಪ್ಪಕ್ಕೆ ಒಂದು ಅಡಿ ಅಗಲದ ದೋಸೆ ಬೇಕಾದರೆ ಎರಡು ಸೌಟು ಸಾಲುವುದಿಲ್ಲ, ನಾಲ್ಕು ಸೌಟು ಬೇಕು. ಅಗಲ ಎರಡು ಪಟ್ಟಾದಾಗ ಉದ್ದವೂ ಎರಡು ಪಟ್ಟಾಗುತ್ತದೆ, ಅಲ್ವಾ? ಎರಡೆರಡ್ಲಿ ನಾಲ್ಕು.

ಚಾರ್ಟ್ ನೋಡುವವರ ಕಣ್ಣು ಗುಳ್ಳೆಯ ಅಗಲವನ್ನು ಸ್ಕೇಲ್ ಇಟ್ಟು ಅಳೆಯುವುದಿಲ್ಲ. ಬಣ್ಣ ತುಂಬಿದ ಜಾಗ ಎಷ್ಟಿದೆ ಅಂತ ಒಟ್ಟಾಗಿ ನೋಡುತ್ತದೆ. ಅಂದರೆ ಹಿಟ್ಟು ಎಷ್ಟು ಹೋಗಿದೆ ಅನ್ನುವುದನ್ನೇ ನೋಡುತ್ತದೆ. ತ್ರಿಜ್ಯವನ್ನು ಸಂಖ್ಯೆಗೆ ನೇರವಾಗಿ ಕಟ್ಟಿದರೆ ಎರಡು ಪಟ್ಟಿನ ವ್ಯತ್ಯಾಸ ನಾಲ್ಕು ಪಟ್ಟಾಗಿ ಕಾಣುತ್ತದೆ, ಹತ್ತು ಪಟ್ಟಿನದು ನೂರು ಪಟ್ಟಾಗಿ ಕಾಣುತ್ತದೆ. ದೊಡ್ಡದು ಇನ್ನೂ ದೊಡ್ಡದಾಗಿ, ಚಿಕ್ಕದು ಕಾಣದಷ್ಟು ಚಿಕ್ಕದಾಗಿ ಬರುತ್ತದೆ.

ನಾನು ತ್ರಿಜ್ಯ ಹಿಡಿದಿಲ್ಲ, ವ್ಯಾಸ ಹಿಡಿದಿದ್ದೇನೆ. ಆಗ ಸರಿ ತಾನೆ?

ಇಲ್ಲ, ಅದೂ ಅದೇ ತಪ್ಪು. ವ್ಯಾಸ ಅಂದರೆ ತ್ರಿಜ್ಯದ ಎರಡರಷ್ಟು. ಎರಡೂ ಉದ್ದದ ಅಳತೆಗಳೇ. ಯಾವುದನ್ನು ಸಂಖ್ಯೆಗೆ ನೇರವಾಗಿ ಕಟ್ಟಿದರೂ ವಿಸ್ತೀರ್ಣ ಅದರ ವರ್ಗದಂತೆ ಏರುತ್ತದೆ.

ಹಾಗಾದರೆ ಸರಿಯಾದ ಸೂತ್ರ ಯಾವುದು?

ಒಂದೇ ಸಾಲು:

```
r = rmax * sqrt(v / vmax)
```

`v` ಅಂದರೆ ಆ ಗುಳ್ಳೆಯ ಸಂಖ್ಯೆ, `vmax` ಅಂದರೆ ಪಟ್ಟಿಯಲ್ಲಿರುವ ಅತಿ ದೊಡ್ಡ ಸಂಖ್ಯೆ, `rmax` ಅಂದರೆ ಅತಿ ದೊಡ್ಡ ಗುಳ್ಳೆಗೆ ನೀವು ಕೊಡಲು ಒಪ್ಪಿದ ತ್ರಿಜ್ಯ. ಮೊದಲು ಸಂಖ್ಯೆಯನ್ನು ದೊಡ್ಡ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆದು, ಆಮೇಲೆ ತ್ರಿಜ್ಯದಿಂದ ಗುಣಿಸಿ. ಸೂತ್ರದಲ್ಲಿ π ಯಾಕಿಲ್ಲ ಅಂತ ಕೆಲವರು ಕೇಳುತ್ತಾರೆ. ಎಲ್ಲ ಗುಳ್ಳೆಗಳಲ್ಲೂ ಅದೇ π ಇರುವುದರಿಂದ ಹೋಲಿಸುವಾಗ ಹೊಡೆದುಹೋಗುತ್ತದೆ.

ಒಂದು ನಿಜವಾದ ಲೆಕ್ಕ ಮಾಡಿ ತೋರಿಸ್ತೀರಾ?

2011ರ ಜನಗಣತಿಯಿಂದ ನಾಲ್ಕು ಜಿಲ್ಲೆ ತೆಗೆದುಕೊಳ್ಳೋಣ. ಅತಿ ದೊಡ್ಡದು ಬೆಂಗಳೂರು ನಗರ ಜಿಲ್ಲೆ, 96,21,551 ಜನ. ಅತಿ ಚಿಕ್ಕದು ಕೊಡಗು, 5,54,519 ಜನ. ನಡುವೆ ಬೆಳಗಾವಿ ಮತ್ತು ಮೈಸೂರು. ದೊಡ್ಡ ಗುಳ್ಳೆಗೆ 40 ಪಿಕ್ಸೆಲ್ ತ್ರಿಜ್ಯ ಕೊಡೋಣ.

| ಜಿಲ್ಲೆ | ಜನಸಂಖ್ಯೆ | ತಪ್ಪು ತ್ರಿಜ್ಯ | ಸರಿ ತ್ರಿಜ್ಯ |
|---|---|---|---|
| ಬೆಂಗಳೂರು ನಗರ | 96,21,551 | 40 | 40 |
| ಬೆಳಗಾವಿ | 47,79,661 | 19.9 | 28.2 |
| ಮೈಸೂರು | 30,01,127 | 12.5 | 22.3 |
| ಕೊಡಗು | 5,54,519 | 2.3 | 9.6 |

ಕೊಡಗಿನ ಸಾಲನ್ನು ಕೈಯಲ್ಲೇ ಮಾಡಿ ನೋಡಿ. 5,54,519ನ್ನು 96,21,551ರಿಂದ ಭಾಗಿಸಿದರೆ 0.0576 ಬರುತ್ತದೆ. ಅದರ ವರ್ಗಮೂಲ 0.24. 40ರಿಂದ ಗುಣಿಸಿದರೆ 9.6.

ಬೆಂಗಳೂರಿನ ಜನಸಂಖ್ಯೆ ಕೊಡಗಿನದಕ್ಕಿಂತ ಸುಮಾರು 17 ಪಟ್ಟು ಜಾಸ್ತಿ. ಸರಿ ಲೆಕ್ಕದಲ್ಲಿ ಗುಳ್ಳೆಯ ವಿಸ್ತೀರ್ಣವೂ 17 ಪಟ್ಟೇ ಇರುತ್ತದೆ. ತಪ್ಪು ಲೆಕ್ಕದಲ್ಲಿ 301 ಪಟ್ಟು! ಕೊಡಗು ನಕ್ಷೆಯ ಮೇಲೆ ಬಿದ್ದ ಸಾಸಿವೆ ಕಾಳಿನಂತೆ ಕಾಣುತ್ತದೆ. ಬೆಳಗಾವಿಯ ಜನಸಂಖ್ಯೆ ಬೆಂಗಳೂರಿನ ಅರ್ಧಕ್ಕೆ ಸ್ವಲ್ಪ ಕಡಿಮೆ. ತಪ್ಪು ಚಾರ್ಟ್‌ನಲ್ಲಿ ಅದು ಕಾಲು ಭಾಗವಾಗಿ ಕಾಣುತ್ತದೆ.

ಇದನ್ನು ಪುಸ್ತಕ ಓದಿ ಕಲಿತೆ ಅಂತ ಹೇಳಿಕೊಳ್ಳುವ ಹಾಗಿಲ್ಲ. ನಾನು ಮೊದಲ ಸಲ ಜಿಲ್ಲೆಗಳ ನಕ್ಷೆ ಮಾಡಿಕೊಟ್ಟಾಗ ತ್ರಿಜ್ಯವನ್ನೇ ಜನಸಂಖ್ಯೆಗೆ ಕಟ್ಟಿದ್ದೆ. ನೋಡಿದ ಹಿರಿಯರೊಬ್ಬರು, "ಏನಪ್ಪಾ, ಬೆಂಗಳೂರು ಬಿಟ್ರೆ ಬೇರೆ ಕಡೆ ಜನಾನೇ ಇಲ್ವಾ?" ಅಂದರು. ಅಂಕಿ ಅಂಶ ಸರಿಯಾಗಿದೆ ಅಂತ ಅರ್ಧ ಗಂಟೆ ವಾದ ಮಾಡಿದೆ. ಅಂಕಿ ಅಂಶ ಸರಿಯೇ ಇತ್ತು. ಗುಳ್ಳೆ ತಪ್ಪಿತ್ತು.

ಬೇರೆಯವರು ಮಾಡಿದ ಚಾರ್ಟ್ ನೋಡಿ ತಪ್ಪು ಕಂಡುಹಿಡಿಯುವುದು ಹೇಗೆ?

ಸಂಖ್ಯೆಗಳನ್ನು ಬರೆದಿರುವ ಎರಡು ಗುಳ್ಳೆ ಆರಿಸಿ. ಒಂದು ಆದಷ್ಟು ದೊಡ್ಡದಿರಲಿ, ಇನ್ನೊಂದು ಚಿಕ್ಕದಿರಲಿ. ಪರದೆಯ ಮೇಲೆ ಸ್ಕೇಲ್ ಇಟ್ಟು ಎರಡರ ಅಗಲ ಅಳೆಯಿರಿ. ದೊಡ್ಡ ಅಗಲವನ್ನು ಚಿಕ್ಕದರಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿದಾಗ ಸಂಖ್ಯೆಗಳ ಅನುಪಾತ ಬಂದರೆ ಚಾರ್ಟ್ ಸರಿ. ಗುಣಿಸುವ ಮೊದಲೇ ಸಂಖ್ಯೆಗಳ ಅನುಪಾತ ಬಂದರೆ ತ್ರಿಜ್ಯದ ತಪ್ಪು. ಎರಡೂ ಆಗದಿದ್ದರೆ ಕೆಳಗೆ ಹೇಳುವ ಕನಿಷ್ಠ ಗಾತ್ರದ ಸಮಸ್ಯೆ ಇರಬಹುದು.

ಪ್ರಸಿದ್ಧ ಉದಾಹರಣೆ ಬೇಕಾದರೆ, 2009ರ ಜನವರಿಯಲ್ಲಿ ಇಮೇಲ್‌ನಲ್ಲಿ ಊರೆಲ್ಲ ಸುತ್ತಿದ ಬ್ಯಾಂಕುಗಳ ಚಾರ್ಟ್ ಇದೆ. ಆರ್ಥಿಕ ಕುಸಿತಕ್ಕೆ ಮುಂಚೆ ಮತ್ತು ಆಮೇಲೆ ದೊಡ್ಡ ಬ್ಯಾಂಕುಗಳ ಮಾರುಕಟ್ಟೆ ಬೆಲೆ ಎಷ್ಟಿತ್ತು ಅಂತ ಅದರಲ್ಲಿ ಗುಳ್ಳೆಯೊಳಗೆ ಗುಳ್ಳೆ ಇಟ್ಟು ತೋರಿಸಿದ್ದರು. ಸಿಟಿಗ್ರೂಪ್ 255 ಶತಕೋಟಿ ಡಾಲರ್‌ನಿಂದ 19ಕ್ಕೆ ಇಳಿದಿತ್ತು. ಅದು ಹದಿಮೂರನೇ ಒಂದು ಭಾಗಕ್ಕೆ ಹತ್ತಿರ. ಆದರೆ ಗುಳ್ಳೆಗಳನ್ನು ಅಗಲದ ಲೆಕ್ಕದಲ್ಲಿ ಬರೆದಿದ್ದರಿಂದ ಒಳಗಿನದು ಹೊರಗಿನದರ 180ನೇ ಒಂದು ಭಾಗದಂತೆ ಕಂಡಿತು. ಕುಸಿತ ನಿಜಕ್ಕೂ ಭಯಂಕರವೇ ಆಗಿತ್ತು, ಅದನ್ನು ಇನ್ನಷ್ಟು ಉಬ್ಬಿಸುವ ಅಗತ್ಯವೇ ಇರಲಿಲ್ಲ. ಆಮೇಲೆ ಸರಿಪಡಿಸಿದ ಚಿತ್ರವೂ ಬಂತು. ಆದರೆ ಮೊದಲನೆಯದರಷ್ಟು ಜನ ಅದನ್ನು ನೋಡಲಿಲ್ಲ ಅಂತಲೇ ನನ್ನ ಅಂದಾಜು.

ನಾನು ಬಳಸುವ ಸಾಫ್ಟ್‌ವೇರ್ ಇದನ್ನು ತಾನೇ ನೋಡಿಕೊಳ್ಳುತ್ತದೆಯೇ?

ಕೆಲವು ನೋಡಿಕೊಳ್ಳುತ್ತವೆ, ಕೆಲವು ಇಲ್ಲ. ಗೊಂದಲ ಹುಟ್ಟುವುದೇ ಇಲ್ಲಿ. ನೀವು ಕೊಡುವ ಸಂಖ್ಯೆಯನ್ನು ಸಾಫ್ಟ್‌ವೇರ್ ಉದ್ದ ಅಂತ ಓದುತ್ತದೆಯೋ ವಿಸ್ತೀರ್ಣ ಅಂತ ಓದುತ್ತದೆಯೋ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು.

ಎಕ್ಸೆಲ್‌ನಲ್ಲಿ ಗುಳ್ಳೆಯ ಮೇಲೆ ರೈಟ್ ಕ್ಲಿಕ್ ಮಾಡಿ `Format Data Series` ತೆರೆದರೆ `Size represents` ಅಂತ ಇರುತ್ತದೆ. ಅದರ ಕೆಳಗೆ `Area of bubbles` ಮತ್ತು `Width of bubbles`. ಮೊದಲೇ ಆರಿಸಿರುವುದು `Area of bubbles`, ಅದನ್ನು ಹಾಗೇ ಬಿಡಿ. ಗುಳ್ಳೆಗಳು ತುಂಬ ದೊಡ್ಡದಾಗಿ ಒಂದರ ಮೇಲೊಂದು ಕೂತರೆ ಅಲ್ಲೇ ಇರುವ `Scale bubble size to` ಇಳಿಸಿ, ಎಲ್ಲ ಗುಳ್ಳೆಗಳೂ ಒಟ್ಟಿಗೆ ಚಿಕ್ಕದಾಗುತ್ತವೆ.

D3ಯಲ್ಲಿ ವೃತ್ತಕ್ಕೆ ಕೊಡುವ `r` ತ್ರಿಜ್ಯ. ಆದ್ದರಿಂದ ವರ್ಗಮೂಲ ನೀವೇ ತೆಗೆಯಬೇಕು. ಅದಕ್ಕೆಂದೇ ಒಂದು ಸ್ಕೇಲ್ ಇದೆ:

```js
const r = d3.scaleSqrt()
  .domain([0, 9621551])
  .range([0, 40]);
r(554519); // ಸುಮಾರು 9.6
```

Chart.js ಬಬಲ್ ಚಾರ್ಟ್‌ನಲ್ಲೂ `r` ಅಂದರೆ ಪಿಕ್ಸೆಲ್‌ನಲ್ಲಿ ತ್ರಿಜ್ಯ. ಅಲ್ಲಿ ಯಾವ ಸ್ಕೇಲೂ ಇಲ್ಲ, `40 * Math.sqrt(v / vmax)` ಅಂತ ಮೊದಲೇ ಲೆಕ್ಕ ಹಾಕಿ ಕೊಡಬೇಕು.

ಪೈಥಾನ್‌ನ matplotlibನಲ್ಲಿ `scatter`ಗೆ ಕೊಡುವ `s` ಉದ್ದವಲ್ಲ. ಅದು ವಿಸ್ತೀರ್ಣದ ಲೆಕ್ಕ, ಪಾಯಿಂಟ್‌ಗಳ ವರ್ಗದಲ್ಲಿರುತ್ತದೆ. ಅಲ್ಲಿ ವರ್ಗಮೂಲ ತೆಗೆಯಲೇಬಾರದು:

```python
plt.scatter(x, y, s=pop / pop.max() * 80**2)
```

ಇದರಲ್ಲಿ ದೊಡ್ಡ ಗುಳ್ಳೆಯ ವ್ಯಾಸ 80 ಪಾಯಿಂಟ್. ಅದೇ ಲೈಬ್ರರಿಯ `plot`ನಲ್ಲಿರುವ `markersize` ಮಾತ್ರ ವ್ಯಾಸ! ಒಂದೇ ಮನೆಯಲ್ಲಿ ಎರಡು ಪದ್ಧತಿ.

Plotlyಯ `graph_objects`ನಲ್ಲಿ `sizemode` ಏನೂ ಹೇಳದಿದ್ದರೆ `'diameter'` ಆಗಿರುತ್ತದೆ. ಅದನ್ನು `'area'` ಅಂತ ಬದಲಿಸಿ, ಜೊತೆಗೆ `sizeref`ಗೆ `2*max(pop)/80**2` ಕೊಡಿ. `plotly.express` ಬಳಸುವವರಿಗೆ ಈ ತಲೆನೋವಿಲ್ಲ, ಅದು ವಿಸ್ತೀರ್ಣವನ್ನೇ ಹಿಡಿಯುತ್ತದೆ.

ವರ್ಗಮೂಲ ತೆಗೆದೆ, ಆದರೂ ಎಲ್ಲ ಗುಳ್ಳೆಗಳೂ ಒಂದೇ ಥರ ಕಾಣ್ತಿವೆ. ಯಾಕೆ?

ಎರಡು ಸಲ ತೆಗೆದಿರುತ್ತೀರಿ. ಎಲ್ಲೋ "ವರ್ಗಮೂಲ ತೆಗೆಯಲೇಬೇಕು" ಅಂತ ಓದಿ, matplotlibನ `s`ಗೋ ಎಕ್ಸೆಲ್‌ನ ಗಾತ್ರದ ಕಾಲಂಗೋ ವರ್ಗಮೂಲ ಹಾಕಿಬಿಡುತ್ತಾರೆ. ಸಾಫ್ಟ್‌ವೇರ್ ಒಳಗೊಳಗೇ ಇನ್ನೊಂದು ಸಲ ತೆಗೆಯುತ್ತದೆ. ಆಗ ಬೆಂಗಳೂರಿನ ಗುಳ್ಳೆ ಕೊಡಗಿನದಕ್ಕಿಂತ 17 ಪಟ್ಟು ಇರಬೇಕಾದದ್ದು ಬರೀ ನಾಲ್ಕು ಪಟ್ಟು ಇರುತ್ತದೆ. ತ್ರಿಜ್ಯದ ತಪ್ಪು ವ್ಯತ್ಯಾಸವನ್ನು ಉಬ್ಬಿಸಿದರೆ ಇದು ಕುಗ್ಗಿಸುತ್ತದೆ. ಉಬ್ಬಿದ್ದನ್ನು ಯಾರಾದರೂ ಗಮನಿಸಿ ಕೇಳುತ್ತಾರೆ, ಕುಗ್ಗಿದ್ದು ಸುಮ್ನೆ ದಾಟಿಹೋಗುತ್ತದೆ. ಹಾಗಾಗಿ ನನಗೆ ಇದರ ಭಯವೇ ಜಾಸ್ತಿ.

ಚಿಕ್ಕ ಗುಳ್ಳೆಗಳು ಕಾಣುವುದೇ ಇಲ್ಲ. ಕನಿಷ್ಠ 4 ಪಿಕ್ಸೆಲ್ ಇರಲಿ ಅಂತ ಇಟ್ಟರೆ ಏನಾಗುತ್ತದೆ?

ವಿಸ್ತೀರ್ಣದ ಲೆಕ್ಕ ಮುರಿಯುತ್ತದೆ. ಮೇಲಿನ D3 ಕೋಡ್‌ನಲ್ಲಿ `range([0, 40])` ಬದಲು `range([4, 40])` ಬರೆದು ನೋಡಿ. ಕೊಡಗಿನ ತ್ರಿಜ್ಯ 9.6 ಇದ್ದದ್ದು 12.6 ಆಗುತ್ತದೆ. 17 ಪಟ್ಟಿನ ವ್ಯತ್ಯಾಸ ಈಗ 10 ಪಟ್ಟಾಗಿ ಕಾಣುತ್ತದೆ. ವರ್ಗಮೂಲದ ಸ್ಕೇಲ್ ಅಂತ ಹೆಸರಿದ್ದರೂ ಅದು ಸೊನ್ನೆಯಿಂದ ಶುರುವಾಗದಿದ್ದರೆ ವಿಸ್ತೀರ್ಣ ಸಂಖ್ಯೆಗೆ ತಾಳೆಯಾಗುವುದಿಲ್ಲ.

ಇದಕ್ಕಿಂತ ಕೆಟ್ಟದ್ದು `domain`ನ ಆರಂಭವನ್ನೂ ಅತಿ ಚಿಕ್ಕ ಸಂಖ್ಯೆಗೆ ಇಡುವುದು. 5,54,519ಕ್ಕೆ 4, 96,21,551ಕ್ಕೆ 40 ಅಂತ ಇಟ್ಟರೆ ಎರಡು ಗುಳ್ಳೆಗಳ ವಿಸ್ತೀರ್ಣ 100 ಪಟ್ಟು ದೂರ ಹೋಗುತ್ತದೆ. ಆ 100ಕ್ಕೂ ಜನಸಂಖ್ಯೆಗೂ ಸಂಬಂಧವೇ ಇಲ್ಲ. ನೀವು ಆರಿಸಿದ 4 ಮತ್ತು 40ರಿಂದ ಬಂದದ್ದು ಅದು.

R ಬಳಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ggplot2ನ `scale_size` ವಿಸ್ತೀರ್ಣದ ಲೆಕ್ಕವನ್ನೇ ಹಿಡಿಯುತ್ತದೆ, ನಿಜ. ಆದರೆ ಅತಿ ಚಿಕ್ಕ ಸಂಖ್ಯೆಗೆ 1, ಅತಿ ದೊಡ್ಡದಕ್ಕೆ 6 ಅಂತ ತಾನೇ ಗಾತ್ರ ಕೊಡುತ್ತದೆ. ಆದ್ದರಿಂದ ಮೇಲಿನ ತೊಂದರೆ ಅಲ್ಲೂ ಇದೆ. ಸೊನ್ನೆಗೆ ಸೊನ್ನೆ ಗಾತ್ರ ಬೇಕೆಂದರೆ ಇದನ್ನು ಬಳಸಿ:

```r
scale_size_area(max_size = 20)
```

ಚಿಕ್ಕದು ಕಾಣಲೇಬೇಕು ಅಂದರೆ ದೊಡ್ಡದರ ಗಾತ್ರ ಏರಿಸಿ, ಬಣ್ಣವನ್ನು ಅರೆಪಾರದರ್ಶಕ ಮಾಡಿ, ದೊಡ್ಡ ಗುಳ್ಳೆಗಳನ್ನು ಮೊದಲು ಬರೆದು ಚಿಕ್ಕವನ್ನು ಅವುಗಳ ಮೇಲೆ ಬರೆಯಿರಿ. ಅಷ್ಟು ಮಾಡಿದರೂ ಕಾಣದಿದ್ದರೆ ಆ ಅಂಕಿಗಳಿಗೆ ಗುಳ್ಳೆ ಹೊಂದುವುದಿಲ್ಲ ಅಂತ ಅರ್ಥ.

ಗುಳ್ಳೆಗೆ ಅಂಚು ಹಾಕಿದರೆ ಲೆಕ್ಕ ತಪ್ಪುತ್ತದೆಯೇ?

ತಪ್ಪುತ್ತದೆ, ಅದೂ ಚಿಕ್ಕ ಗುಳ್ಳೆಗಳಲ್ಲೇ ಜಾಸ್ತಿ. SVGಯಲ್ಲಿ 2 ಪಿಕ್ಸೆಲ್ ಅಂಚು ಹಾಕಿದರೆ ಅದರ ಅರ್ಧ, ಅಂದರೆ 1 ಪಿಕ್ಸೆಲ್, ವೃತ್ತದ ಹೊರಗೆ ಬೀಳುತ್ತದೆ. ಬೆಂಗಳೂರು 40ರಿಂದ 41 ಆದಾಗ ವಿಸ್ತೀರ್ಣ ಶೇಕಡಾ 5ರಷ್ಟು ಏರುತ್ತದೆ. ಕೊಡಗು 9.6ರಿಂದ 10.6 ಆದಾಗ ಶೇಕಡಾ 22! ತೆಳ್ಳಗಿನ ಅಂಚು ಹಾಕಿ, ಅಥವಾ ಒಳಗಿನ ಬಣ್ಣದಷ್ಟು ಗಾಢವಾಗಿರದ ಅಂಚು ಇರಲಿ.

2001 ಮತ್ತು 2011ಕ್ಕೆ ಎರಡು ಚಾರ್ಟ್ ಪಕ್ಕಪಕ್ಕ ಇಡುತ್ತಿದ್ದೇನೆ. ಏನಾದರೂ ನೋಡಿಕೊಳ್ಳಬೇಕಾ?

ಎರಡಕ್ಕೂ ಒಂದೇ `vmax` ಇರಬೇಕು. ಹೆಚ್ಚಿನ ಸಾಫ್ಟ್‌ವೇರ್‌ಗಳು ಪ್ರತಿ ಚಾರ್ಟ್‌ನಲ್ಲೂ ಅದರದೇ ದೊಡ್ಡ ಸಂಖ್ಯೆಯನ್ನು ಹಿಡಿದು ಗುಳ್ಳೆ ಬರೆಯುತ್ತವೆ. ಇದರಿಂದ ಎಂಥ ಎಡವಟ್ಟಾಗುತ್ತದೆ ನೋಡಿ.

ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ 65,37,124 ಜನ ಇದ್ದರು. ಹತ್ತು ವರ್ಷದಲ್ಲಿ ಅದು 96 ಲಕ್ಷ ದಾಟಿತು. ಆದರೆ ಎರಡು ಚಾರ್ಟ್‌ನಲ್ಲೂ ಅದೇ ದೊಡ್ಡದಾದ್ದರಿಂದ ಎರಡರಲ್ಲೂ 40 ಪಿಕ್ಸೆಲ್. ಏನೂ ಬೆಳೆದೇ ಇಲ್ಲ ಅನ್ನಿಸುತ್ತದೆ. ಕೊಡಗಿನಲ್ಲಿ 2001ರಲ್ಲಿ 5,48,561 ಜನ, 2011ರಲ್ಲಿ 5,54,519. ಸ್ವಲ್ಪ ಏರಿದೆ. ಆದರೆ ಅದರ ಗುಳ್ಳೆ ಮೊದಲ ಚಾರ್ಟ್‌ನಲ್ಲಿ 11.6 ಪಿಕ್ಸೆಲ್, ಎರಡನೆಯದರಲ್ಲಿ 9.6. ನೋಡಿದವರು ಕೊಡಗಿನಿಂದ ಜನ ಗುಳೆ ಹೋಗಿದ್ದಾರೆ ಅಂದುಕೊಳ್ಳುತ್ತಾರೆ!

ಎರಡಕ್ಕೂ 96,21,551ನ್ನೇ ದೊಡ್ಡ ಸಂಖ್ಯೆಯಾಗಿ ಹಿಡಿದರೆ ಎಲ್ಲ ಸರಿಹೋಗುತ್ತದೆ. ಬೆಂಗಳೂರು 33ರಿಂದ 40ಕ್ಕೆ ಬೆಳೆಯುತ್ತದೆ, ಕೊಡಗು ಎರಡರಲ್ಲೂ ಹೆಚ್ಚುಕಡಿಮೆ 9.6 ಆಗಿಯೇ ಉಳಿಯುತ್ತದೆ. ಎಕ್ಸೆಲ್‌ನಲ್ಲಿ `vmax` ಬರೆಯಲು ಜಾಗವಿಲ್ಲ. ಅಲ್ಲಿ ಎರಡೂ ವರ್ಷಗಳನ್ನು ಒಂದೇ ಚಾರ್ಟ್‌ಗೆ ಎರಡು ಸೀರೀಸ್ ಆಗಿ ಹಾಕುವುದೇ ಸುಲಭದ ದಾರಿ.

ಲೆಜೆಂಡ್ ಬೇಕೇ ಬೇಕಾ?

ಬೇಕು. ಗುಳ್ಳೆ ನೋಡಿ ಯಾರೂ "ಇದು 28 ಲಕ್ಷ" ಅಂತ ಹೇಳಲಾರರು. ದುಂಡು ಸಂಖ್ಯೆಗಳ ಮೂರು ಗುಳ್ಳೆ ಸಾಕು. ನಮ್ಮ ಉದಾಹರಣೆಯಲ್ಲಿ 10 ಲಕ್ಷಕ್ಕೆ 12.9 ಪಿಕ್ಸೆಲ್, 50 ಲಕ್ಷಕ್ಕೆ 28.8, 1 ಕೋಟಿಗೆ 40.8 ತ್ರಿಜ್ಯ ಬರುತ್ತದೆ. ಅವನ್ನು ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ, ತಳ ಒಂದೇ ಗೆರೆಯಲ್ಲಿ ಬರುವ ಹಾಗೆ ಜೋಡಿಸಿದರೆ ಜಾಗವೂ ಉಳಿಯುತ್ತದೆ. ಲೆಜೆಂಡ್‌ನ ಗುಳ್ಳೆಗಳನ್ನು ಕೈಯಿಂದ ಬರೆಯಬೇಡಿ, ಚಾರ್ಟ್‌ಗೆ ಬಳಸಿದ ಅದೇ ಸೂತ್ರದಿಂದಲೇ ಬರಲಿ. ಚಾರ್ಟ್ ಸರಿ ಮಾಡಿ ಲೆಜೆಂಡ್ ಹಳೆಯದನ್ನೇ ಬಿಟ್ಟವರನ್ನು ನೋಡಿದ್ದೇನೆ. ಆ ಪೈಕಿ ಒಬ್ಬ ನಾನೇ.

ವಿಸ್ತೀರ್ಣ ಸರಿ ಇದ್ದರೂ ಕಣ್ಣು ಅದನ್ನು ಸರಿಯಾಗಿ ಓದುತ್ತದೆಯೇ?

ಪೂರ್ತಿ ಇಲ್ಲ. ದೊಡ್ಡ ವೃತ್ತ ಚಿಕ್ಕದಕ್ಕಿಂತ ಎಷ್ಟು ಪಟ್ಟು ಅಂತ ಕೇಳಿದರೆ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ಹೇಳುತ್ತೇವೆ. ಅಮೆರಿಕದ ನಕ್ಷಾತಜ್ಞ ಜೇಮ್ಸ್ ಫ್ಲ್ಯಾನರಿ 1950ರ ದಶಕದಲ್ಲೇ ಇದನ್ನು ಜನರ ಮೇಲೆ ಪರೀಕ್ಷಿಸಿ, ದೊಡ್ಡ ವೃತ್ತಗಳನ್ನು ಸ್ವಲ್ಪ ಹಿಗ್ಗಿಸುವ ಸೂತ್ರ ಕೊಟ್ಟ. ವರ್ಗಮೂಲ ಅಂದರೆ ಘಾತ 0.5. ಫ್ಲ್ಯಾನರಿ ಲೆಕ್ಕದಲ್ಲಿ ಅದು ಸುಮಾರು 0.57. ಬೆಂಗಳೂರನ್ನು 40 ಪಿಕ್ಸೆಲ್‌ನಲ್ಲೇ ಇಟ್ಟರೆ ಕೊಡಗಿನ ತ್ರಿಜ್ಯ 9.6 ಬದಲು 7.9 ಆಗುತ್ತದೆ.

QGISನಲ್ಲಿ ಚಿಹ್ನೆಯ ಗಾತ್ರವನ್ನು ಅಂಕಿಗೆ ಕಟ್ಟುವಾಗ `Flannery`, `Surface`, `Radius` ಅನ್ನುವ ಆಯ್ಕೆಗಳು ಇದೇ ಕಾರಣಕ್ಕೆ ಇವೆ. `Surface` ಅಂದರೆ ವಿಸ್ತೀರ್ಣದ ನೇರ ಲೆಕ್ಕ.

ನಾನು `Surface` ಹಿಡಿಯುತ್ತೇನೆ. ಫ್ಲ್ಯಾನರಿ ತಿದ್ದುಪಡಿ ಸರಾಸರಿ ಕಣ್ಣಿಗೆ. ಒಬ್ಬೊಬ್ಬರ ಕಣ್ಣು ಒಂದೊಂದು ಥರ ಓದುತ್ತದೆ, ಪಕ್ಕದಲ್ಲಿ ಯಾವ ಗುಳ್ಳೆ ಇದೆ ಅನ್ನುವುದರ ಮೇಲೂ ಬದಲಾಗುತ್ತದೆ. ತಿದ್ದುಪಡಿ ಮಾಡಿದ ಚಾರ್ಟನ್ನು ಸ್ಕೇಲ್ ಹಿಡಿದು ಅಳೆದವರಿಗೆ ಲೆಕ್ಕ ತಾಳೆಯಾಗುವುದೂ ಇಲ್ಲ. ಅದರ ಬದಲು ಒಳ್ಳೆಯ ಲೆಜೆಂಡ್ ಕೊಟ್ಟು, ಮುಖ್ಯ ಗುಳ್ಳೆಗಳ ಪಕ್ಕ ಸಂಖ್ಯೆಯನ್ನೇ ಬರೆದುಬಿಡುವುದು ವಾಸಿ. ಇದನ್ನು ಒಪ್ಪದ ನಕ್ಷೆಯವರೂ ಇದ್ದಾರೆ, ಜಗಳಕ್ಕೆ ಬರಬೇಡಿ.

ಮೈಸೂರು ದೊಡ್ಡದೋ ತುಮಕೂರು ದೊಡ್ಡದೋ ಅಂತ ಓದುಗರು ನಿಖರವಾಗಿ ಹೋಲಿಸಲೇಬೇಕು ಅಂದರೆ ಗುಳ್ಳೆ ಬಿಟ್ಟು ಕಂಬದ ಚಾರ್ಟ್ ಹಾಕಿ. 30 ಲಕ್ಷ ಮತ್ತು 26.8 ಲಕ್ಷದ ವ್ಯತ್ಯಾಸ ಗುಳ್ಳೆಯಲ್ಲಿ 22.3 ಮತ್ತು 21.1 ಪಿಕ್ಸೆಲ್ ಆಗಿ ಬರುತ್ತದೆ. ಆ ಒಂದು ಪಿಕ್ಸೆಲ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಸೊನ್ನೆ ಮತ್ತು ಋಣ ಸಂಖ್ಯೆಗಳಿಗೆ ಏನು ಮಾಡಬೇಕು?

ಸೊನ್ನೆಗೆ ಗುಳ್ಳೆ ಇಲ್ಲ. ಆ ಜಾಗ ತೋರಿಸಲೇಬೇಕಿದ್ದರೆ ಸಣ್ಣ ಅಡ್ಡಗೆರೆಯೋ ಗುಣಿಸು ಚಿಹ್ನೆಯೋ ಹಾಕಿ. ಋಣ ವಿಸ್ತೀರ್ಣ ಅನ್ನುವುದೂ ಇಲ್ಲ. ಲಾಭ ನಷ್ಟ ತೋರಿಸುವಾಗ ಗಾತ್ರಕ್ಕೆ ಚಿಹ್ನೆ ಬಿಟ್ಟ ಸಂಖ್ಯೆಯನ್ನು ಹಿಡಿದು, ನಷ್ಟಕ್ಕೆ ಬೇರೆ ಬಣ್ಣ ಕೊಡಿ.

ಗುಳ್ಳೆಯನ್ನು ಚೆಂಡಿನಂತೆ ಮೂರು ಆಯಾಮದಲ್ಲಿ ತೋರಿಸಿದರೆ ಘನಮೂಲ ತೆಗೆಯಬೇಕಾ?

ತೆಗೆದರೂ ಕಷ್ಟ, ಬಿಟ್ಟರೂ ಕಷ್ಟ. ನೋಡುವವರು ಚೆಂಡಿನ ಗಾತ್ರ ನೋಡುತ್ತಾರೋ ಪರದೆಯ ಮೇಲಿನ ವೃತ್ತವನ್ನು ನೋಡುತ್ತಾರೋ ಹೇಳಲಾಗದು. ಚೆಂಡು ಬೇಡ, ಚಪ್ಪಟೆ ಗುಳ್ಳೆ ಇರಲಿ.

ಹಾಗಾದರೆ ತ್ರಿಜ್ಯವನ್ನು ನೇರವಾಗಿ ಕಟ್ಟುವುದು ಯಾವತ್ತೂ ತಪ್ಪೇನಾ?

ಯಾವತ್ತೂ ಅಲ್ಲ. ನಿಮ್ಮ ಸಂಖ್ಯೆಯೇ ದೂರವಾಗಿದ್ದರೆ ತ್ರಿಜ್ಯವೇ ಸರಿ. ಒಂದು ಮೊಬೈಲ್ ಟವರಿನ ಸಿಗ್ನಲ್ 2 ಕಿಲೋಮೀಟರ್ ಮುಟ್ಟುತ್ತದೆ, ಇನ್ನೊಂದರದು 4. ನಕ್ಷೆಯ ಮೇಲೆ ಎರಡನೆಯ ವೃತ್ತದ ತ್ರಿಜ್ಯ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು ಇರಬೇಕು. ಅದು ನಿಜವಾಗಿಯೂ ನಾಲ್ಕು ಪಟ್ಟು ನೆಲವನ್ನು ಮುಟ್ಟುತ್ತಿದೆ. ಅಲ್ಲಿ ವರ್ಗಮೂಲ ತೆಗೆದರೆ ವೃತ್ತ 2.8 ಕಿಲೋಮೀಟರ್‌ಗೇ ನಿಲ್ಲುತ್ತದೆ, ಅದರಾಚೆ ಸಿಗ್ನಲ್ ಸಿಗುವ ಊರುಗಳು ಹೊರಗುಳಿಯುತ್ತವೆ.